ಮಗುವಿನ ಜಾತಕ ಓದುವಾಗ: ಹಣೆಪಟ್ಟಿ ಕಟ್ಟದೆ ನೋಡುವ ಕ್ರಮ, ಅದರಿಂದ ತೀರ್ಮಾನಿಸಬಾರದ ಸಂಗತಿಗಳು

ನಾಮಕರಣಕ್ಕೆ ಅಕ್ಷರ ಬೇಕೆಂದು ಜಾತಕ ಬರೆಸಲು ಹೋದವರು ಅಕ್ಷರದ ಜೊತೆಗೆ ಒಂದು ಮಾತನ್ನೂ ಹೊತ್ತು ಮನೆಗೆ ಬರುತ್ತಾರೆ. "ಮೂಲಾ ನಕ್ಷತ್ರ, ಸ್ವಲ್ಪ ನೋಡ್ಕೊಳ್ಳಿ." "ಪಂಚಮದಲ್ಲಿ ಶನಿ ಇದ್ದಾನೆ, ಓದು ನಿಧಾನ." ಹೇಳಿದವರು ಮರುದಿನ ಮರೆತಿರುತ್ತಾರೆ. ಮನೆಯಲ್ಲಿ ಮಾತ್ರ ಆ ಮಾತು ಹದಿನೈದು ವರ್ಷ ಓಡಾಡಿಕೊಂಡಿರುತ್ತದೆ. ಮಗು ಲೆಕ್ಕದಲ್ಲಿ ಕಡಿಮೆ ಅಂಕ ತಂದ ದಿನ ಅಜ್ಜಿಯ ಬಾಯಿಂದ ಮತ್ತೆ ಹೊರಡುತ್ತದೆ.

ಜಾತಕ ಬರೆಸುವುದು ಬೇಡ ಎನ್ನುವುದು ಈ ಬರಹದ ಉದ್ದೇಶವಲ್ಲ. ಕೈಯಲ್ಲಿರುವ ಆ ಹಾಳೆ ಯಾವ ಅಳತೆಗಳ ಮೇಲೆ ನಿಂತಿದೆ, ಒಂದು ಹೇಳಿಕೆಯನ್ನು ಹಣೆಪಟ್ಟಿಯಾಗಲು ಬಿಡದೆ ಓದುವುದು ಹೇಗೆ, ಯಾವ ನಿರ್ಧಾರಗಳನ್ನು ಅದರ ಮೇಲೆ ಹೊರಿಸಬಾರದು ಎಂಬುದನ್ನು ಒಂದೇ ಜಾತಕ ಇಟ್ಟುಕೊಂಡು ನೋಡೋಣ. ಇಲ್ಲಿನ ಜಾತಕ ಲೆಕ್ಕ ತೋರಿಸಲು ಹೊಂದಿಸಿಕೊಂಡದ್ದು, ಯಾವ ಮಗುವಿನದ್ದೂ ಅಲ್ಲ.

ಮೊದಲು ಹುಟ್ಟಿದ ಸಮಯ

ಜನನ ಪ್ರಮಾಣಪತ್ರದಲ್ಲಿ ದಿನಾಂಕ ಇರುತ್ತದೆ, ಗಂಟೆ ನಿಮಿಷ ಸಾಮಾನ್ಯವಾಗಿ ಇರುವುದಿಲ್ಲ. ಸಮಯ ಸಿಗುವುದು ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿಯಲ್ಲಿ, ಹೆರಿಗೆ ಕೋಣೆಯ ದಾಖಲೆಯಲ್ಲಿ, ಇಲ್ಲವೇ ಮಗುವಿನ ಕೈಗೆ ಕಟ್ಟಿದ ಪಟ್ಟಿಯಲ್ಲಿ. ಮೂರರಲ್ಲೂ ಒಂದೇ ಸಮಯ ಇರಬೇಕೆಂದಿಲ್ಲ. ಹೆರಿಗೆ ಮಾಡಿಸುವವರ ಗಮನ ತಾಯಿ ಮಗುವಿನ ಮೇಲಿರುತ್ತದೆ, ಗಡಿಯಾರ ನೋಡಿ ಬರೆಯುವುದು ಆಮೇಲೆ. ಆದ್ದರಿಂದ ಎಲ್ಲ ಸಮಯಗಳನ್ನೂ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಅಪ್ಪ ಮನೆಯವರ ಗುಂಪಿಗೆ ಕಳಿಸಿದ ಮೊದಲ ಮೆಸೇಜಿನ ಸಮಯವನ್ನೂ ಸೇರಿಸಿ. ಹುಟ್ಟಿದ್ದು ಅದಕ್ಕಿಂತ ಮುಂಚೆಯೇ ಎಂಬುದಂತೂ ಖಚಿತ.

ನಮ್ಮ ಉದಾಹರಣೆಯಲ್ಲಿ ಸಮ್ಮರಿ ಸಂಜೆ 6.50 ಎನ್ನುತ್ತದೆ, ಹೆರಿಗೆ ಕೋಣೆಯ ದಾಖಲೆ 6.38 ಎನ್ನುತ್ತದೆ. ಹನ್ನೆರಡು ನಿಮಿಷದ ವ್ಯತ್ಯಾಸ. ಚಂದ್ರನಿಗೆ ಇದು ಏನೂ ಅಲ್ಲ. ಅವನು ಒಂದು ನಕ್ಷತ್ರ ದಾಟಲು ಸುಮಾರು ಒಂದು ದಿನ, ಅದರ ಕಾಲುಭಾಗವಾದ ಒಂದು ಪಾದ ದಾಟಲು ಸುಮಾರು ಆರು ಗಂಟೆ ತೆಗೆದುಕೊಳ್ಳುತ್ತಾನೆ. ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿರುವ ಬಿಂದುವಾದ ಲಗ್ನದ ಕಥೆ ಬೇರೆ, ಮನೆಗಳನ್ನು ಎಣಿಸುವುದು ಅದರಿಂದಲೇ. ಅದು ಸುಮಾರು ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ, ಎರಡು ಗಂಟೆಗೊಮ್ಮೆ ರಾಶಿ ಬದಲಿಸುತ್ತದೆ. ನವಾಂಶ ಲಗ್ನ ಹದಿಮೂರು ಹದಿನಾಲ್ಕು ನಿಮಿಷಕ್ಕೇ ಬದಲಾಗುತ್ತದೆ.

6.38ಕ್ಕೆ ಲಗ್ನ ಕನ್ಯಾ 28 ಡಿಗ್ರಿ ಎಂದಿಟ್ಟುಕೊಳ್ಳಿ. 6.50ಕ್ಕೆ ಅದು ತುಲಾ ರಾಶಿಗೆ ಬಂದಿರುತ್ತದೆ. ಈ ಮಗುವಿಗೆ ಶನಿ ಕುಂಭದಲ್ಲಿದ್ದಾನೆ. ಕನ್ಯಾ ಲಗ್ನವಾದರೆ ಅವನು ಆರನೇ ಮನೆಯವನು, ವಿದ್ಯೆಯ ಮಾತೇ ಬರುವುದಿಲ್ಲ. ತುಲಾ ಲಗ್ನವಾದರೆ ಐದನೇ ಮನೆಯವನು. ಆಗ ಒಬ್ಬ ಜೋಯಿಸರು "ಬುದ್ಧಿಸ್ಥಾನದಲ್ಲಿ ಶನಿ, ಮಗು ಮಂದ" ಎನ್ನಬಹುದು. ಇನ್ನೊಬ್ಬರು ಅದೇ ಹಾಳೆ ನೋಡಿ "ತುಲಾ ಲಗ್ನಕ್ಕೆ ಶನಿ ಯೋಗಕಾರಕ, ಅದೂ ಸ್ವಕ್ಷೇತ್ರದಲ್ಲಿ, ಇನ್ನೇನು ಬೇಕು" ಎನ್ನಬಹುದು. ಇಬ್ಬರಿಗೂ ಶಾಸ್ತ್ರದಲ್ಲಿ ಆಧಾರ ಇದೆ. ಎರಡು ಹೇಳಿಕೆಗಳೂ ಹನ್ನೆರಡು ನಿಮಿಷದ ಮೇಲೆ ನಿಂತಿವೆ.

ಹಾಗಾಗಿ ಮಾಡಬೇಕಾದ್ದು ಇಷ್ಟು. ನಿಮ್ಮಲ್ಲಿರುವ ಸಮಯಕ್ಕೆ ಒಂದು, ಹತ್ತು ನಿಮಿಷ ಹಿಂದಕ್ಕೆ ಒಂದು, ಹತ್ತು ನಿಮಿಷ ಮುಂದಕ್ಕೆ ಒಂದು, ಹೀಗೆ ಮೂರು ಕುಂಡಲಿ ತೆಗೆಯಿರಿ. ಮೂರರಲ್ಲೂ ಲಗ್ನ ಒಂದೇ ಇದ್ದರೆ ಮನೆಗಳ ಲೆಕ್ಕದ ಮಾತು ಕೇಳಲು ಅಡ್ಡಿಯಿಲ್ಲ. ಬದಲಾದರೆ ಲಗ್ನದಿಂದ ಎಣಿಸಿ ಹೇಳಿದ ಯಾವ ಫಲವನ್ನೂ ಬರೆದುಕೊಳ್ಳಬೇಡಿ.

ದಿನಾಂಕದಲ್ಲೂ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಪಂಚಾಂಗದ ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಮಂಗಳವಾರ ನಸುಕಿನ ಎರಡು ಗಂಟೆಗೆ ಹುಟ್ಟಿದ ಮಗುವನ್ನು ಅಜ್ಜ "ಸೋಮವಾರ ರಾತ್ರಿ" ಎನ್ನುತ್ತಾರೆ, ಅದನ್ನು ಕೇಳಿದವರು ತಂತ್ರಾಂಶಕ್ಕೆ ಸೋಮವಾರದ ತಾರೀಖು ಹಾಕುತ್ತಾರೆ. ಇಡೀ ಒಂದು ದಿನ ತಪ್ಪಿ, ನಕ್ಷತ್ರವೇ ಬೇರೆಯಾಗುತ್ತದೆ. ತಂತ್ರಾಂಶಕ್ಕೆ ಯಾವಾಗಲೂ ಕ್ಯಾಲೆಂಡರಿನ ತಾರೀಖನ್ನೇ ಕೊಡಿ. ಅಮೆರಿಕದಲ್ಲಿಯೋ ಯುರೋಪಿನಲ್ಲಿಯೋ ಬೇಸಿಗೆಯಲ್ಲಿ ಹುಟ್ಟಿದ ಮಗುವಾದರೆ ಗಡಿಯಾರ ಒಂದು ಗಂಟೆ ಮುಂದಿಟ್ಟಿರುವುದನ್ನು ತಂತ್ರಾಂಶ ಲೆಕ್ಕಕ್ಕೆ ತೆಗೆದುಕೊಂಡಿದೆಯೇ ನೋಡಿ. ಅದು ತಪ್ಪಿದರೆ ಲಗ್ನ ಸುಮಾರು ಹದಿನೈದು ಡಿಗ್ರಿ ಆಚೀಚೆಯಾಗುತ್ತದೆ.

ಅಯನಾಂಶ ಬದಲಾದರೆ ಪಾದವೂ ಬದಲಾಗಬಹುದು

ಸಮಯ ಪಕ್ಕಾ ಆದಮೇಲೂ ಒಂದು ಆಯ್ಕೆ ಉಳಿದಿರುತ್ತದೆ. ವಿಷುವ ಬಿಂದುವಿನಿಂದ ಎಣಿಸಿದ ಗ್ರಹಸ್ಥಾನವನ್ನು ನಕ್ಷತ್ರಗಳ ಲೆಕ್ಕಕ್ಕೆ ತರಲು ಕಳೆಯುವ ಡಿಗ್ರಿಗಳೇ ಅಯನಾಂಶ, ಎಷ್ಟು ಕಳೆಯಬೇಕು ಎಂಬುದರಲ್ಲಿ ಒಮ್ಮತ ಇಲ್ಲ. ಹಾಳೆಯ ಮೂಲೆಯಲ್ಲಿ ಸಣ್ಣಕ್ಷರದಲ್ಲಿ "ಅಯನಾಂಶ: ಲಾಹಿರಿ" ಎಂದೋ "ಚಿತ್ರಾಪಕ್ಷ" ಎಂದೋ ಬರೆದಿರುತ್ತದೆ. ಹೆಚ್ಚಿನ ತಂತ್ರಾಂಶಗಳು ತಾವಾಗಿ ಆರಿಸಿಕೊಳ್ಳುವುದು ಅದನ್ನೇ. ಬೆಂಗಳೂರಿನ ಬಿ. ವಿ. ರಾಮನ್ ಅವರ ಅಯನಾಂಶ ಬಳಸುವವರೂ ನಮ್ಮಲ್ಲಿದ್ದಾರೆ. ಎರಡರ ನಡುವೆ ಸುಮಾರು ಒಂದೂವರೆ ಡಿಗ್ರಿಯ ಅಂತರ, ನಿಖರವಾಗಿ ಹೇಳಬೇಕೆಂದರೆ ಒಂದು ಡಿಗ್ರಿ ಇಪ್ಪತ್ತೇಳು ಕಲೆಯ ಆಸುಪಾಸು. ಅರವತ್ತು ಕಲೆ ಸೇರಿದರೆ ಒಂದು ಡಿಗ್ರಿ.

ನಮ್ಮ ಮಗುವಿನ ಚಂದ್ರ ಲಾಹಿರಿ ಪ್ರಕಾರ ಧನುಸ್ಸಿನ 9 ಡಿಗ್ರಿ 20 ಕಲೆಯಲ್ಲಿದ್ದಾನೆ. ಧನುಸ್ಸಿನ ಮೊದಲ 13 ಡಿಗ್ರಿ 20 ಕಲೆ ಮೂಲಾ ನಕ್ಷತ್ರ. ಪಾದವೊಂದಕ್ಕೆ 3 ಡಿಗ್ರಿ 20 ಕಲೆ, ಹಾಗಾಗಿ ಇದು ಮೂರನೇ ಪಾದ, ಹೆಸರಿನ ಅಕ್ಷರ "ಭಾ". ರಾಮನ್ ಅಯನಾಂಶ ಹಾಕಿದರೆ ಅದೇ ಚಂದ್ರ 10 ಡಿಗ್ರಿ 47 ಕಲೆಗೆ ಬರುತ್ತಾನೆ. ಅದು ನಾಲ್ಕನೇ ಪಾದ, ಅಕ್ಷರ "ಭೀ".

ಅಕ್ಷರ ಬದಲಾಗುವುದು ದೊಡ್ಡ ವಿಷಯವಲ್ಲ. ಆದರೆ ಮೂಲಾ ದೋಷ ಹೇಳುವ ಸಂಪ್ರದಾಯದಲ್ಲಿ ಒಂದನೇ ಪಾದ ತಂದೆಗೆ, ಎರಡನೆಯದು ತಾಯಿಗೆ, ಮೂರನೆಯದು ಧನಕ್ಕೆ ಆಗದು, ನಾಲ್ಕನೆಯದು ಶುಭ. ಅಂದರೆ ಈ ಹೆಣ್ಣುಮಗು ಒಂದು ಹಾಳೆಯಲ್ಲಿ ಮನೆಯ ಸಂಪತ್ತಿಗೆ ಕುತ್ತು, ಇನ್ನೊಂದು ಹಾಳೆಯಲ್ಲಿ ಮನೆಗೆ ಶುಭ. ಅದೇ ಮಗು, ಅದೇ ಆಕಾಶ.

ದಶೆಯೂ ಇದರೊಂದಿಗೇ ಸರಿಯುತ್ತದೆ. ಮೂಲಾದಲ್ಲಿ ಹುಟ್ಟಿದವರಿಗೆ ಮೊದಲು ಕೇತು ದಶೆ, ಪೂರ್ತಿ ಏಳು ವರ್ಷ. ನಕ್ಷತ್ರದಲ್ಲಿ ಚಂದ್ರ ದಾಟಿದ ಭಾಗವನ್ನು ಕಳೆದರೆ ಉಳಿದದ್ದು ಶಿಷ್ಟ ದಶೆ. ಲಾಹಿರಿಯಲ್ಲಿ ನೂರಕ್ಕೆ ಎಪ್ಪತ್ತು ಭಾಗ ದಾಟಿದೆ, ಉಳಿದ ಮೂವತ್ತಕ್ಕೆ 2 ವರ್ಷ 1 ತಿಂಗಳು. ರಾಮನ್ ಅಯನಾಂಶದಲ್ಲಿ 1 ವರ್ಷ 4 ತಿಂಗಳು. ಆಮೇಲೆ ಇಪ್ಪತ್ತು ವರ್ಷ ಶುಕ್ರ ದಶೆ. ಅದರೊಳಗಿನ ಶನಿ ಭುಕ್ತಿ ಲಾಹಿರಿಯಲ್ಲಿ 14 ವರ್ಷ 11 ತಿಂಗಳಿನಿಂದ 18 ವರ್ಷ 1 ತಿಂಗಳವರೆಗೆ, ಇನ್ನೊಂದರಲ್ಲಿ 14 ವರ್ಷ 2 ತಿಂಗಳಿನಿಂದ 17 ವರ್ಷ 4 ತಿಂಗಳವರೆಗೆ. ಈ ಹುಡುಗಿ ದ್ವಿತೀಯ ಪಿಯುಸಿ ಪರೀಕ್ಷೆಯನ್ನು 17 ವರ್ಷ 9 ತಿಂಗಳಿಗೆ ಬರೆಯುತ್ತಾಳೆ ಎನ್ನಿ. ಒಂದು ಲೆಕ್ಕದಲ್ಲಿ ಆಗ ಶನಿ ಭುಕ್ತಿ, "ಸೈನ್ಸ್ ಬೇಡ, ಕಷ್ಟ." ಇನ್ನೊಂದರಲ್ಲಿ ಬುಧ ಭುಕ್ತಿ, "ವಿದ್ಯೆಗೆ ಒಳ್ಳೆಯ ಕಾಲ." ಹದಿನೈದು ವರ್ಷದ ಹುಡುಗಿ ಯಾವ ವಿಷಯ ಓದಬೇಕು ಎಂಬುದು ತಂತ್ರಾಂಶದ ಆ ಒಂದು ಸಾಲಿನ ಮೇಲೆ ನಿಲ್ಲಬಾರದು.

ಯಾವ ಅಯನಾಂಶ ಸರಿ ಎಂಬ ಚರ್ಚೆಗೆ ಇಳಿಯುವ ಅಗತ್ಯ ತಂದೆತಾಯಿಗೆ ಇಲ್ಲ. ಎರಡರಲ್ಲೂ ಹಾಕಿ ನೋಡಿ, ಎರಡರಲ್ಲೂ ನಿಲ್ಲದ ಮಾತನ್ನು ಕೈಬಿಡಿ.

ಹೆದರಿಸುವ, ಹಿಗ್ಗಿಸುವ ಹೆಸರುಗಳು ಎಷ್ಟು ಸಾಮಾನ್ಯ

ದೋಷವಾಗಲಿ ಯೋಗವಾಗಲಿ, ಹೆಸರು ಕೇಳಿದಾಗ ಅದು ನಮ್ಮ ಮಗುವಿಗಷ್ಟೇ ಬಂದದ್ದು ಅನ್ನಿಸುತ್ತದೆ. ಅದು ಎಷ್ಟು ಮಕ್ಕಳಿಗೆ ಇರುತ್ತದೆ ಎಂದು ಎಣಿಸಿದರೆ ಭಯ ಅರ್ಧಕ್ಕೆ ಇಳಿಯುತ್ತದೆ. ಕುಜ ಲಗ್ನದಿಂದ 2, 4, 7, 8, 12ರಲ್ಲಿ ಇದ್ದರೆ ಕುಜದೋಷ. ಹನ್ನೆರಡು ಮನೆಗಳಲ್ಲಿ ಐದು, ಅಂದರೆ ನೂರರಲ್ಲಿ ಸುಮಾರು ನಲವತ್ತು ಮಕ್ಕಳಿಗೆ. ಚಂದ್ರನಿಂದ, ಶುಕ್ರನಿಂದಲೂ ಎಣಿಸುವವರಿದ್ದಾರೆ, ಆಗ ತಪ್ಪಿಸಿಕೊಳ್ಳುವವರೇ ಕಡಿಮೆ. ಸಾಡೇಸಾತಿ ಯಾವ ಹೊತ್ತಿನಲ್ಲಿ ನೋಡಿದರೂ ಮೂರು ರಾಶಿಯವರಿಗೆ ನಡೆಯುತ್ತಿರುತ್ತದೆ, ಅಂದರೆ ತರಗತಿಯ ಕಾಲುಭಾಗ ಮಕ್ಕಳಿಗೆ.

ಹೊಗಳಿಕೆಯ ಹೆಸರುಗಳೂ ಹೀಗೆಯೇ. ಚಂದ್ರನಿಂದ ಕೇಂದ್ರದಲ್ಲಿ ಗುರು ಇದ್ದರೆ ಗಜಕೇಸರಿ. ಹನ್ನೆರಡರಲ್ಲಿ ನಾಲ್ಕು ಸ್ಥಾನ, ಮೂವರಲ್ಲಿ ಒಬ್ಬರಿಗೆ. "ಗಜಕೇಸರಿ ಇದೆ, ಐಎಎಸ್ ಆಗ್ತಾನೆ" ಎಂಬ ಮಾತು ಕೇಳಿ ಬೆಳೆದ ಹುಡುಗ ಪಿಯುಸಿಯಲ್ಲಿ ಎಪ್ಪತ್ತು ಅಂಕ ತಂದರೆ ತನ್ನಲ್ಲೇ ಏನೋ ಕೆಟ್ಟಿದೆ ಎಂದುಕೊಳ್ಳುತ್ತಾನೆ. ಆ ಭಾರವನ್ನು ಮಗುವಿನ ಮೇಲೆ ಹೊರಿಸುವುದು ಕೆಟ್ಟ ಮಾತು ಹೇಳುವುದಕ್ಕಿಂತ ಕಡಿಮೆ ಅನ್ಯಾಯವಲ್ಲ.

ಇಲ್ಲಿ ಒಂದು ಪರೀಕ್ಷೆಯ ಫಲಿತಾಂಶವನ್ನು ತಿಳಿದಿರಬೇಕು. ಪುಣೆಯಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರ್ ಮತ್ತು ಸಂಗಡಿಗರು ಓದಿನಲ್ಲಿ ಚುರುಕಾದ ನೂರು ಮಕ್ಕಳ ಜಾತಕ, ಬೌದ್ಧಿಕ ಬೆಳವಣಿಗೆಯಲ್ಲಿ ಹಿಂದುಳಿದ ನೂರು ಮಕ್ಕಳ ಜಾತಕ ಸಂಗ್ರಹಿಸಿದರು. ಅವನ್ನು ಬೆರೆಸಿ ಒಬ್ಬೊಬ್ಬ ಜ್ಯೋತಿಷಿಗೆ ನಲವತ್ತರಂತೆ ಕೊಟ್ಟು, ಯಾವುದು ಯಾವ ಗುಂಪಿನದು ಹೇಳಿ ಎಂದರು. ಉತ್ತರ ಕಳಿಸಿದ 27 ಜನರಲ್ಲಿ ಅತಿ ಹೆಚ್ಚು ಸರಿ ಹೇಳಿದವರದ್ದು 24, ಸರಾಸರಿ ನಲವತ್ತರಲ್ಲಿ ಅರ್ಧಕ್ಕೂ ಕಡಿಮೆ. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತದೆ. ಇದು 2009ರಲ್ಲಿ ಪ್ರಕಟವಾಯಿತು. ಮಗುವಿನ ಬುದ್ಧಿಯ ಬಗ್ಗೆ ಜಾತಕದಿಂದ ತೀರ್ಪು ಕೊಡುವವರು, ಕೇಳುವವರು ಇಬ್ಬರೂ ಇದನ್ನು ಪಕ್ಕಕ್ಕೆ ತಳ್ಳುವಂತಿಲ್ಲ.

ತೀರ್ಪನ್ನು ಪ್ರಶ್ನೆಯಾಗಿ ತಿರುಗಿಸುವುದು

ಹಾಗಿದ್ದರೆ ಓದುವುದು ಏನನ್ನು? ಮಗುವನ್ನು ಗಮನಿಸಲು ಒಂದು ನೆಪವಾಗಿ ಜಾತಕವನ್ನು ಬಳಸಬಹುದು, ಅಷ್ಟಕ್ಕೆ ಅದು ಸಾಕು. ಒಂದು ನೋಟ್‌ಬುಕ್ಕಿನ ಹಾಳೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿ. ಮೊದಲನೆಯದರಲ್ಲಿ ಹಾಳೆಯಲ್ಲಿ ಇರುವುದನ್ನಷ್ಟೇ ಬರೆಯಿರಿ: "ಚಂದ್ರ ಧನುಸ್ಸಿನಲ್ಲಿ", "ಶನಿ ಕುಂಭದಲ್ಲಿ". ಫಲ ಬೇಡ. ಎರಡನೆಯದರಲ್ಲಿ ಆ ಮಾತನ್ನು ಪ್ರಶ್ನೆಯಾಗಿಸಿ. ಮೂರನೆಯದನ್ನು ಖಾಲಿ ಬಿಡಿ, ಅಲ್ಲಿ ಕಣ್ಣಾರೆ ಕಂಡದ್ದನ್ನು ತಾರೀಖು ಹಾಕಿ ಬರೆಯಬೇಕು.

ಪ್ರಶ್ನೆ ಹೇಗಿರಬೇಕು ಎಂಬುದರಲ್ಲಿ ಎಲ್ಲ ಅಡಗಿದೆ. "ಪಂಚಮ ಶನಿ, ಮಂದ" ಎಂಬುದನ್ನು "ನಿಧಾನದವಳೇ?" ಎಂದು ಬರೆದರೆ ಅದು ಹಣೆಪಟ್ಟಿಯೇ, ಕೊನೆಗೊಂದು ಪ್ರಶ್ನಾರ್ಥಕ ಚಿಹ್ನೆ ಅಂಟಿದೆ ಅಷ್ಟೇ. "ಹೊಸ ಪಾಠವನ್ನು ಒಂದು ಸಲಕ್ಕೆ ಹಿಡಿಯುತ್ತಾಳೋ, ಎರಡು ಮೂರು ಸಲ ಹೇಳಿದರೆ ಚೆನ್ನಾಗಿ ಹಿಡಿಯುತ್ತಾಳೋ? ಯಾವ ವಿಷಯದಲ್ಲಿ ಹೇಗೆ?" ಎಂದು ಬರೆಯಿರಿ. ಈ ಪ್ರಶ್ನೆಗೆ "ಒಂದೇ ಸಲಕ್ಕೆ" ಎಂಬ ಉತ್ತರವೂ ಬರಬಹುದು. ಎರಡೂ ಕಡೆಯ ಉತ್ತರಕ್ಕೆ ಜಾಗ ಇಲ್ಲದ ಪ್ರಶ್ನೆಯನ್ನು ಹೊಡೆದುಹಾಕಿ.

ಮೂರನೇ ಭಾಗದಲ್ಲಿ ಗುಣ ಬರೆಯಬೇಡಿ, ನಡೆದದ್ದನ್ನು ಬರೆಯಿರಿ. "ಹಟಮಾರಿ" ಅಲ್ಲ, "ಊಟಕ್ಕೆ ಕರೆದಾಗ ಚಿತ್ರ ಮುಗಿಯುವವರೆಗೂ ಏಳಲಿಲ್ಲ, ಮುಗಿದಮೇಲೆ ತಾನೇ ಬಂದಳು." ಇಂಥ ಇಪ್ಪತ್ತು ಸಾಲು ಸೇರಿದಾಗ ಜಾತಕದ ಮಾತಿಗೂ ಮಗುವಿಗೂ ಹೊಂದಿಕೆ ಇದೆಯೇ ಎಂಬುದು ಗೊತ್ತಾಗುತ್ತದೆ. ಹೊಂದದಿದ್ದರೆ ಜಾತಕದ ಸಾಲಿನ ಮೇಲೆ ಗೀಟು ಎಳೆಯಿರಿ. ಹೊಂದಿದ್ದನ್ನು ಮಾತ್ರ ನೆನಪಿಟ್ಟುಕೊಂಡು ಹೊಂದದ್ದನ್ನು ಮರೆಯುವುದು ಮನಸ್ಸಿನ ಸ್ವಭಾವ. ಬರೆದಿಡಬೇಕಾದ್ದು ಅದಕ್ಕೇ.

ಆಯುಸ್ಸಿನ ಬಗ್ಗೆ ಪ್ರಶ್ನೆಯನ್ನೂ ಬರೆಯಬೇಡಿ. ಬಾಲಾರಿಷ್ಟದ ಮಾತು ಎತ್ತುವವರಿಗೆ ಜಾತಕ ಶಾಸ್ತ್ರದಲ್ಲೇ ತಡೆಯಿದೆ: ಹನ್ನೆರಡು ವರ್ಷ ತುಂಬುವವರೆಗೆ ಮಗುವಿನ ಆಯುಸ್ಸನ್ನು ನಿಶ್ಚಯಿಸಲಾಗದು ಎಂದು ಹಳೆಯ ಶ್ಲೋಕವೇ ಹೇಳುತ್ತದೆ. ಶಾಸ್ತ್ರ ಓದಿದವರು ಈ ಮಿತಿಯನ್ನು ಬಲ್ಲರು.

ಜಾತಕದಿಂದ ತೀರ್ಮಾನಿಸಬಾರದ್ದು

ಎಲ್ಲಕ್ಕಿಂತ ಹೆಚ್ಚು ಹಾನಿ ಆಗುವುದು ಮಾತು ತಡವಾದ ಮಕ್ಕಳ ವಿಷಯದಲ್ಲಿ. "ಎರಡನೇ ಮನೆ ಕೆಟ್ಟಿದೆ, ಬುಧ ಅಸ್ತ, ದಶೆ ಬದಲಾದ ಮೇಲೆ ಮಾತಾಡ್ತಾನೆ" ಎಂಬ ಒಂದು ಸಮಾಧಾನದಿಂದ ಒಂದೂವರೆ ಎರಡು ವರ್ಷ ಕಳೆದುಹೋಗುತ್ತದೆ. ನಮ್ಮ ಉದಾಹರಣೆಯ ಮಗುವಿಗೂ ಕೇತು ದಶೆ ಮುಗಿಯುವುದು ಎರಡು ವರ್ಷ ಒಂದು ತಿಂಗಳಿಗೆ. ಅಲ್ಲಿಯವರೆಗೆ ಕಾಯೋಣ ಎನ್ನಲು ಎಷ್ಟು ಸುಲಭ ನೋಡಿ. ಆದರೆ ಕಿವಿ ಕೇಳದ ಮಗುವಿಗೆ ಆ ವರ್ಷಗಳೇ ಮಾತು ಕಲಿಯುವ ವರ್ಷಗಳು. ಒಂದು ವರ್ಷಕ್ಕೆ ಹೆಸರು ಕರೆದರೆ ತಿರುಗದಿದ್ದರೆ, ಹದಿನಾರು ತಿಂಗಳಿಗೆ ಒಂದೂ ಪದ ಬಾರದಿದ್ದರೆ, ಎರಡು ವರ್ಷಕ್ಕೆ "ಅಮ್ಮ ಬಾ", "ನೀರು ಕೊಡು" ಎಂಬಂಥ ಎರಡು ಪದ ಸೇರಿಸಿ ಹೇಳದಿದ್ದರೆ, ಆಡುತ್ತಿದ್ದ ಮಾತು ನಿಂತುಹೋದರೆ ಅದೇ ವಾರ ಮಕ್ಕಳ ವೈದ್ಯರ ಬಳಿ ಹೋಗಿ, ಕಿವಿಯ ಪರೀಕ್ಷೆ ಮಾಡಿಸಿ. ಹುಟ್ಟಿದ ಮಗುವಿಗೂ ಶ್ರವಣ ಪರೀಕ್ಷೆ ಮಾಡಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದಕ್ಕೆಂದೇ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗ ಇದೆ. ಪೂಜೆ ಮಾಡಿಸುವ ಮನಸ್ಸಿದ್ದರೆ ಮಾಡಿಸಿ, ಆಸ್ಪತ್ರೆಯ ದಿನಾಂಕವನ್ನು ಅದಕ್ಕಾಗಿ ಮುಂದೂಡಬೇಡಿ. ಜ್ವರ, ಫಿಟ್ಸ್, ತೂಕ ಏರದಿರುವುದು, ಲಸಿಕೆ ಎಲ್ಲಕ್ಕೂ ಇದೇ ಮಾತು. ಮಗು ಬೆಳೆಯುತ್ತಿದೆಯೇ ಎಂದು ತಿಳಿಯಲು ತಾಯಿ ಕಾರ್ಡಿನ ತೂಕದ ಗೆರೆ ನೋಡಬೇಕು.

ಇನ್ನು ಮೂಲಾ ಶಾಂತಿ. ಅದೇ ನಕ್ಷತ್ರ ಮರಳುವ ಇಪ್ಪತ್ತೇಳನೇ ದಿನದ ಸುಮಾರಿಗೆ ಅದನ್ನು ಮಾಡುತ್ತಾರೆ, ಅಲ್ಲಿಯವರೆಗೆ ತಂದೆ ಮಗುವಿನ ಮುಖ ನೋಡಬಾರದು ಎಂದು ಕೆಲವು ಮನೆಗಳಲ್ಲಿ ಹೇಳುತ್ತಾರೆ. ಬಾಣಂತಿಗೆ ಆಸರೆ ಬೇಕಾದ, ಮಗುವಿಗೆ ಕಾಮಾಲೆ ಕಾಣಿಸಿಕೊಳ್ಳಬಹುದಾದ, ರಾತ್ರಿ ಆಸ್ಪತ್ರೆಗೆ ಓಡಬೇಕಾಗಬಹುದಾದ ದಿನಗಳೇ ಅವು. ಶಾಂತಿ ಮಾಡಿಸುವುದು ನಿಮ್ಮ ಶ್ರದ್ಧೆ. ತಂದೆಯನ್ನು ದೂರ ಇಡುವುದು ಮಾತ್ರ ಬೇಡ. ಮೊದಲ ಹಾಲನ್ನು ಮುಹೂರ್ತಕ್ಕೆ ಕಾಯಿಸುವುದೂ ಬೇಡ, ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಗಬೇಕು. ಒಳ್ಳೆಯ ನಕ್ಷತ್ರ ಹಿಡಿಯಲೆಂದು ಸಿಸೇರಿಯನ್ ಅನ್ನು ದಿನ ತುಂಬುವ ಮೊದಲೇ ಮಾಡಿಸುವವರಿದ್ದಾರೆ. ವೈದ್ಯಕೀಯ ಕಾರಣ ಇಲ್ಲದೆ 39 ವಾರ ತುಂಬುವ ಮೊದಲೇ ಹೊರತೆಗೆದ ಮಗುವಿಗೆ ಉಸಿರಾಟದ ತೊಂದರೆ ಆಗುವ ಸಂಭವ ಹೆಚ್ಚು.

ಹೆಣ್ಣುಮಕ್ಕಳಿಗೆ ಇನ್ನೊಂದು ಪಟ್ಟಿ ಕಾದಿರುತ್ತದೆ. ಮೂಲಾ ಮಾವನಿಗೆ ಆಗದು, ಆಶ್ಲೇಷಾ ಅತ್ತೆಗೆ ಆಗದು, ಜ್ಯೇಷ್ಠಾ ಭಾವನಿಗೆ, ವಿಶಾಖಾ ಮೈದುನನಿಗೆ. ನಾಲ್ಕು ನಕ್ಷತ್ರ ಸೇರಿದರೆ ಇಪ್ಪತ್ತೇಳರಲ್ಲಿ ನಾಲ್ಕು, ಏಳು ಹುಡುಗಿಯರಲ್ಲಿ ಒಬ್ಬಳು. ಮಗು ತೊಟ್ಟಿಲಲ್ಲಿ ಇರುವಾಗಲೇ ಇದನ್ನು ಮಾತಾಡಿ, ಆಮೇಲೆ ಜಾತಕದಲ್ಲಿ ನಕ್ಷತ್ರ ಬದಲಿಸಿ ಬರೆಸುವ ಮನೆಗಳಿವೆ. ಅದರ ಬದಲು ನಕ್ಷತ್ರವನ್ನು ಇದ್ದಹಾಗೆ ಬರೆಸಿ, "ಆಗದು" ಎಂಬ ಮಾತನ್ನು ಬರೆಸಬೇಡಿ. ಮದುವೆಯ ವಯಸ್ಸಿಗೆ ಅವಳೇ ತನಗೆ ಬೇಕಾದುದನ್ನು ಹೇಳಲಿ.

ಶಾಲೆ, ವಿಷಯ, ಟ್ಯೂಷನ್, ಕ್ರೀಡೆ, ಸಂಗೀತ ಇವಕ್ಕೂ ಜಾತಕ ಬೇಡ. ಮಗು ಎಂಟನೇ ತರಗತಿಯಿಂದ ಹತ್ತನೇ ತರಗತಿಯವರೆಗೆ ಯಾವ ವಿಷಯವನ್ನು ಹೇಳದೆಯೇ ತೆರೆದು ಕೂರುತ್ತದೆ, ಯಾವುದರಲ್ಲಿ ತಪ್ಪನ್ನು ತಾನೇ ಹುಡುಕುತ್ತದೆ ಎಂಬುದು ನೋಟ್‌ಬುಕ್ಕಿನ ಮೂರನೇ ಭಾಗದಲ್ಲಿ ಇರುತ್ತದೆ. ಅದನ್ನೂ ಶಿಕ್ಷಕರ ಮಾತನ್ನೂ ಇಟ್ಟುಕೊಂಡು ಮಗುವಿನ ಜೊತೆಯೇ ಕೂತು ಮಾತಾಡಿ. ಒಡಹುಟ್ಟಿದವರಲ್ಲಿ ಹೋಲಿಕೆ ಮಾಡಲು, "ಇವಳು ಹುಟ್ಟಿದಮೇಲೆ ವ್ಯಾಪಾರ ಬಿತ್ತು" ಎಂದು ಮನೆಯ ಲಾಭನಷ್ಟವನ್ನು ಒಂದು ಮಗುವಿನ ತಲೆಗೆ ಕಟ್ಟಲು ಜಾತಕವನ್ನು ಎಳೆದು ತರಬೇಡಿ.

ಜೋಯಿಸರ ಮುಂದೆ ಕೂತಾಗ

ಮಗುವನ್ನು ಕರೆದುಕೊಂಡು ಹೋಗಬೇಡಿ. ಐದು ವರ್ಷದ ಮಗುವಿಗೆ "ದೋಷ" ಎಂದರೆ ಏನೆಂದು ಗೊತ್ತಿಲ್ಲದಿದ್ದರೂ ಅಪ್ಪ ಅಮ್ಮನ ಮುಖ ಬಾಡಿದ್ದು ಕಾಣುತ್ತದೆ. "ಹೇಗಿದೆ ಜಾತಕ?" ಎಂದು ಕೇಳಬೇಡಿ, ತೀರ್ಪು ಬರುವುದೇ ಆ ಪ್ರಶ್ನೆಗೆ. ಬದಲಿಗೆ ಹೀಗೆ ಕೇಳಿ: "ಸ್ವಾಮಿ, ಯಾವ ಅಯನಾಂಶ ಹಾಕಿದ್ದೀರಿ? ಹತ್ತು ನಿಮಿಷ ಹೆಚ್ಚುಕಡಿಮೆಯಾದರೆ ಈ ಮಾತು ನಿಲ್ಲುತ್ತದೆಯೇ? ಇದಕ್ಕೆ ವಿರುದ್ಧವಾದ ಯೋಗವೇನಾದರೂ ಇದೆಯೇ?" ಬಲ್ಲವರು ಬೇಸರಪಡದೆ ಹೇಳುತ್ತಾರೆ. ಕೇಳಿದ ಕೂಡಲೇ ಸಿಟ್ಟಾಗಿ ಹೋಮದ ಖರ್ಚಿನ ಪಟ್ಟಿ ತೆಗೆದರೆ ದಕ್ಷಿಣೆ ಇಟ್ಟು ಎದ್ದುಬನ್ನಿ.

ಬರೆಸುವಾಗ ಮೊದಲ ಪುಟ ಮಾತ್ರ ಸಾಕೆಂದು ಹೇಳಿ: ಹುಟ್ಟಿದ ತಾರೀಖು, ಸಮಯ, ಊರು, ಸಮಯ ಸಿಕ್ಕಿದ್ದು ಎಲ್ಲಿಂದ, ಅಯನಾಂಶ, ಗ್ರಹಸ್ಫುಟ, ರಾಶಿ ಕುಂಡಲಿ, ನವಾಂಶ, ಶಿಷ್ಟ ದಶೆ. ತಂತ್ರಾಂಶ ತಾನಾಗಿ ಮುದ್ರಿಸುವ ಹತ್ತಾರು ಪುಟಗಳ ಫಲಭಾಗ ಬೇಡ. ಅದನ್ನು ಈಗಾಗಲೇ ತಂದಿದ್ದರೆ ಆ ಪುಟಗಳನ್ನು ಬೇರೆ ಮಾಡಿ ಹರಿದುಬಿಡಿ. ಮುಂದೆ ಓದಲು ಬಂದ ಮಗು ಬೀರುವಿನಲ್ಲಿ ಹುಡುಕುವಾಗ ಕೈಗೆ ಸಿಗುವುದು ತಾನು ಹುಟ್ಟಿದ ಹೊತ್ತಿನ ಆಕಾಶದ ಲೆಕ್ಕ ಮಾತ್ರ ಆಗಿರಲಿ.